ಐದು ನಿಮಿಷದ ಚಿತ್ರಕ್ಕೆ 28 ಲಕ್ಷ ಏಕೆ ಕೇಳಬೇಕು?

2019ರ ಮಾರ್ಚ್‌ನಲ್ಲಿ ಅಮೆರಿಕದ ‘ಕ್ರಿಟಿಕಲ್ ರೋಲ್’ ತಂಡ ಕಿಕ್‌ಸ್ಟಾರ್ಟರ್ ಎಂಬ ವೇದಿಕೆಯಲ್ಲಿ ಜನರ ಮುಂದೆ ಕೈಚಾಚಿತು. 22 ನಿಮಿಷದ ಒಂದೇ ಒಂದು ಅನಿಮೇಷನ್ ಚಿತ್ರ ಮಾಡುತ್ತೇವೆ, 7.5 ಲಕ್ಷ ಡಾಲರ್ ಬೇಕು ಎಂದಿತು. ಆ ಮೊತ್ತ ಮೊದಲ ದಿನವೇ ದಾಟಿಹೋಯಿತು. ಅಭಿಯಾನ ಮುಗಿಯುವಾಗ 88,887 ಮಂದಿ ಸೇರಿ 1.13 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟಿದ್ದರು. ಒಂದು ಚಿತ್ರ ಎಂದದ್ದು ಹತ್ತು ಕಂತುಗಳ ಸರಣಿಯಾಯಿತು, ಆಮೇಲೆ ಅಮೆಜಾನ್ ಕೈಜೋಡಿಸಿ ಇನ್ನೂ ಹಿಗ್ಗಿತು. ‘ದಿ ಲೆಜೆಂಡ್ ಆಫ್ ವೋಕ್ಸ್ ಮಕಿನಾ’ ಎಂಬ ಆ ಸರಣಿ ತೆರೆಗೆ ಬಂದದ್ದು 2022ರ ಜನವರಿಯಲ್ಲಿ.

ಇದಕ್ಕೂ ಆರು ವರ್ಷ ಮೊದಲು, 2013ರಲ್ಲಿ, ಜಪಾನಿನ ಟ್ರಿಗರ್ ಸ್ಟುಡಿಯೊ ‘ಲಿಟಲ್ ವಿಚ್ ಅಕಾಡೆಮಿಯಾ’ದ ಎರಡನೆಯ ಚಿತ್ರಕ್ಕೆ ಇದೇ ವೇದಿಕೆಯಲ್ಲಿ ಕೇಳಿದ್ದು ಬರೀ 1.5 ಲಕ್ಷ ಡಾಲರ್. ಬಂದದ್ದು 6.25 ಲಕ್ಷ. ಎರಡೂ ಬೇಡಿಕೆಗಳನ್ನು ನಿಮಿಷದ ಲೆಕ್ಕಕ್ಕೆ ಇಳಿಸಿ ನೋಡಿದರೆ ಅಚ್ಚರಿಯಾಗುತ್ತದೆ. ಅಮೆರಿಕದವರು ನಿಮಿಷಕ್ಕೆ ಸುಮಾರು 34,000 ಡಾಲರ್ ಕೇಳಿದ್ದರೆ ಜಪಾನಿನವರು ಕೇಳಿದ್ದು 10,000. ಜಪಾನಿನಲ್ಲಿ ಚಿತ್ರ ಅಷ್ಟು ಅಗ್ಗವಾಗುತ್ತದೆ ಎಂದು ಇದರಿಂದ ತಿಳಿದರೆ ತಪ್ಪು. ಟ್ರಿಗರ್ ಬಳಿ 20 ನಿಮಿಷದ ಚಿತ್ರಕ್ಕೆ ಬೇಕಾದ ಹಣ ಮೊದಲೇ ಇತ್ತು. ಅದನ್ನು 35 ನಿಮಿಷಕ್ಕೆ ಹಿಗ್ಗಿಸಲು ಬೇಕಾದ ಹೆಚ್ಚುವರಿಯನ್ನಷ್ಟೇ ಅವರು ಜನರಿಂದ ಕೇಳಿದ್ದರು. ಕಥೆ, ಪಾತ್ರಗಳ ವಿನ್ಯಾಸ, ಸಂಗೀತ, ಕಚೇರಿ, ಸಂಬಳ ಇವೆಲ್ಲ ಬೇರೆ ಜೇಬಿನಿಂದ ಹೋಗುತ್ತಿದ್ದವು.

ಹಾಗಾಗಿ ಬೇರೆಯವರ ಅಭಿಯಾನದಲ್ಲಿ ಕಂಡ ಗುರಿಯ ಮೊತ್ತವನ್ನು ನೋಡಿ ನಮ್ಮ ಚಿತ್ರದ ಬಜೆಟ್ ಹಾಕಲು ಬರುವುದಿಲ್ಲ. ನಮ್ಮ ನಾಡಿನಲ್ಲಿಯೂ ಈ ದಾರಿ ಹೊಸದಲ್ಲ. ಗೋವಿನ ಹಾಡಿನ ಕಥೆಯನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ಅವರು ಮಾಡಿದ ಸಂಸ್ಕೃತದ ಅನಿಮೇಷನ್ ಚಿತ್ರ ‘ಪುಣ್ಯಕೋಟಿ’ ಜನರು ಕೊಟ್ಟ ಹಣದಿಂದ ಹೊರಟದ್ದೇ. ಅದು 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬರುವ ಹೊತ್ತಿಗೆ ಹಲವು ವರ್ಷಗಳು ಕಳೆದಿದ್ದವು. ಇಂಥ ಕೆಲಸಕ್ಕೆ ಕೈಹಾಕುವವರು ಹಣ ಕೇಳುವ ಮೊದಲೇ ಹಾಳೆಯ ಮೇಲೆ ಮಾಡಿಕೊಳ್ಳಬೇಕಾದ ಲೆಕ್ಕವೊಂದಿದೆ. ಅದನ್ನು ಒಂದು ಉದಾಹರಣೆಯ ಮೂಲಕ ಕೊನೆಯವರೆಗೂ ಮಾಡಿ ನೋಡೋಣ. ಇಲ್ಲಿನ ದರಗಳು ಲೆಕ್ಕದ ಅನುಕೂಲಕ್ಕೆ ನಾನು ಇಟ್ಟುಕೊಂಡವು. ನಿಮ್ಮ ಊರಿನ, ನಿಮ್ಮ ಕಲಾವಿದರ ದರ ಬೇರೆ ಇರುತ್ತದೆ. ದರ ಬದಲಾದರೂ ಲೆಕ್ಕದ ವಿಧಾನ ಅದೇ.

ಶಿರಸಿ ಕಡೆಯ ಹುಡುಗನೊಬ್ಬ ಯಕ್ಷಗಾನ ಮೇಳದ ಹಿಂದೆ ಹೊರಡುವ ಕಥೆ ಎಂದಿಟ್ಟುಕೊಳ್ಳಿ. ಅದನ್ನು ಸರಣಿ ಮಾಡುವ ಆಸೆ. ಸರಣಿಗೆ ಹಣ ಹಾಕುವವರಿಗೆ ತೋರಿಸಲು ಮೊದಲು ಒಂದು ಮಾದರಿ ಕಂತು ಬೇಕು. ಅದನ್ನೇ ಪೈಲಟ್ ಎನ್ನುವುದು. ಐದು ನಿಮಿಷದ್ದು, ಕೈಯಿಂದ ಚಿತ್ರ ಬರೆದು ಮಾಡುವ 2ಡಿ ಅನಿಮೇಷನ್, ಕನ್ನಡದ ಮಾತು.

ಐದು ನಿಮಿಷ ಎಂದರೆ 300 ಸೆಕೆಂಡು. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುವುದು ರೂಢಿಯಾದ್ದರಿಂದ ಸೆಕೆಂಡಿಗೆ 12 ಚಿತ್ರ ಬರೆದರೆ ಸಾಕು. ಒಂದು ಪಾತ್ರ ಪೂರ್ತಿ ಹೊತ್ತು ಚಲಿಸುತ್ತಲೇ ಇದ್ದರೆ 3,600 ಚಿತ್ರ, ಎರಡು ಪಾತ್ರವಿದ್ದರೆ ಅದರ ಎರಡರಷ್ಟು. ನಿಜದಲ್ಲಿ ಪಾತ್ರಗಳು ನಿಲ್ಲುತ್ತವೆ, ಬಾಯಿ ಮಾತ್ರ ಆಡುತ್ತದೆ, ಕೆಲವೊಮ್ಮೆ ಬರೀ ಹಿನ್ನೆಲೆ ಕಾಣುತ್ತದೆ. ಹಾಗಾಗಿ ಚಿತ್ರಗಳನ್ನು ಎಣಿಸುವುದಕ್ಕಿಂತ, ಒಬ್ಬ ಅನಿಮೇಟರ್ ವಾರಕ್ಕೆ ಎಷ್ಟು ಸೆಕೆಂಡಿನ ಕೆಲಸ ಮುಗಿಸಿ ನಿರ್ದೇಶಕರಿಂದ ಒಪ್ಪಿಗೆ ಪಡೆಯುತ್ತಾನೆ ಎಂದು ನೋಡುವುದು ಮೇಲು. ಬಜೆಟ್ಟಿನ ಉಳಿದೆಲ್ಲ ಅಂಕಿಗಳೂ ಈ ಒಂದು ಅಂಕಿಗೆ ನೇತುಬಿದ್ದಿರುತ್ತವೆ.

ಈ ಅಂಕಿಯನ್ನು ಊಹಿಸಬಾರದು, ಅಳೆಯಬೇಕು. ಕಥೆಯೊಳಗಿನ ಹತ್ತು ಸೆಕೆಂಡಿನ ಒಂದು ತುಣುಕನ್ನು ಆರಿಸಿಕೊಂಡು ಮೊದಲ ಗೆರೆಯಿಂದ ಬಣ್ಣದವರೆಗೆ ಪೂರ್ತಿ ಮುಗಿಸಿ, ಯಾರಿಗೆ ಎಷ್ಟು ದಿನ ಹಿಡಿಯಿತು ಎಂದು ಬರೆದಿಡಬೇಕು. ಆರಿಸುವ ತುಣುಕು ಸುಲಭದ್ದಾಗಿರಬಾರದು. ಹುಡುಗ ಕಿಟಕಿಯಲ್ಲಿ ಕೂತು ಮಳೆ ನೋಡುವ ದೃಶ್ಯ ಒಂದೇ ದಿನದಲ್ಲಿ ಮುಗಿದೀತು. ವೇಷ ಕಟ್ಟಿದವರ ಕುಣಿತಕ್ಕೆ ಅದೇ ದರ ಹಿಡಿದರೆ ಮುಳುಗಿದಂತೆಯೇ. ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು, ಕಸೆ ಸೀರೆಯ ಚೌಕುಳಿ ಇವೆಲ್ಲವನ್ನೂ ಸೆಕೆಂಡಿಗೆ ಹನ್ನೆರಡು ಸಲ ಮತ್ತೆ ಬರೆಯಬೇಕು, ಪ್ರತಿ ಸಲವೂ ಮೈ ತಿರುಗಿದಂತೆ ಅವೂ ತಿರುಗಬೇಕು. ಪಾತ್ರವಿನ್ಯಾಸ ಮಾಡುವಾಗ ಎದೆಕಟ್ಟಿನ ಸಣ್ಣ ಕುಸುರಿಯನ್ನು ನಾಲ್ಕು ಗಟ್ಟಿ ಆಕಾರಗಳಿಗೆ ಇಳಿಸುವುದು ಬರೀ ಅಂದದ ಪ್ರಶ್ನೆಯಲ್ಲ. ಲಕ್ಷ ರೂಪಾಯಿಯ ನಿರ್ಧಾರ ಆ ಹಾಳೆಯ ಮೇಲೆ ಆಗುತ್ತಿರುತ್ತದೆ. ಬಜೆಟ್ ಹಾಕುವವರು ಪಾತ್ರವಿನ್ಯಾಸಕರ ಪಕ್ಕದಲ್ಲೇ ಕೂರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮ ಉದಾಹರಣೆಯಲ್ಲಿ ಪರೀಕ್ಷೆಯಿಂದ ಬಂದ ದರ ವಾರಕ್ಕೆ 10 ಸೆಕೆಂಡು ಎಂದಿರಲಿ. 300 ಸೆಕೆಂಡಿಗೆ 30 ವಾರ ಬೇಕು. ಮೂವರು ಅನಿಮೇಟರ್‌ಗಳಿದ್ದರೆ ಹತ್ತು ವಾರದಲ್ಲಿ ಮುಗಿಯುತ್ತದೆ, ಆದರೆ ಕೂಲಿ 30 ವಾರದ್ದೇ. ಎಲ್ಲರ ದರವನ್ನೂ ಸರಾಸರಿ ಮಾಡಿ ಒಬ್ಬರ ಒಂದು ವಾರದ ಕೆಲಸಕ್ಕೆ ₹15,000 ಎಂದು ಹಿಡಿಯೋಣ. ಅಲ್ಲಿಗೆ ಅನಿಮೇಷನ್‌ಗೆ ₹4.5 ಲಕ್ಷ.

ಇದರ ಹಿಂದೆ ಮುಂದೆ ಬೇರೆ ಕೆಲಸಗಳಿವೆ. ಕಥೆಯನ್ನು ಶಾಟ್ ಶಾಟಾಗಿ ಬಿಡಿಸುವ ಸ್ಟೋರಿಬೋರ್ಡ್, ಅದನ್ನು ಧ್ವನಿಯ ಜೊತೆ ಸೇರಿಸಿ ಓಡಿಸಿ ನೋಡುವ ಅನಿಮ್ಯಾಟಿಕ್, ಚಿತ್ರಕಥೆ ಇವಕ್ಕೆ ಎಂಟು ವಾರ. ಪಾತ್ರವಿನ್ಯಾಸ ಮತ್ತು ಬಣ್ಣದ ಯೋಜನೆಗೆ ನಾಲ್ಕು. ಸರಾಸರಿ ನಾಲ್ಕು ಸೆಕೆಂಡಿನ ಶಾಟ್ ಎಂದರೆ ಚಿತ್ರದಲ್ಲಿ 75 ಶಾಟ್‌ಗಳಿರುತ್ತವೆ. ಕೆಲವಕ್ಕೆ ಒಂದೇ ಹಿನ್ನೆಲೆ ಸಾಕಾಗುವುದರಿಂದ 40 ಹಿನ್ನೆಲೆಗಳನ್ನು ಬರೆದರೆ ನಡೆಯುತ್ತದೆ. ವಾರಕ್ಕೆ ನಾಲ್ಕರಂತೆ ಹತ್ತು ವಾರ. ಒರಟು ಗೆರೆಯನ್ನು ತಿದ್ದಿ ಬಣ್ಣ ತುಂಬುವ ಕ್ಲೀನಪ್ ಕೆಲಸವನ್ನು ಹೊಸಬರು ಚಿಲ್ಲರೆ ಕೆಲಸ ಎಂದುಕೊಳ್ಳುತ್ತಾರೆ. ಅದಕ್ಕೆ 25 ವಾರ ಹಿಡಿಯುತ್ತದೆ, ಅನಿಮೇಷನ್ನಿಗೆ ಸ್ವಲ್ಪವೇ ಕಡಿಮೆ. ಎಲ್ಲವನ್ನೂ ಜೋಡಿಸುವ ಕಂಪೋಸಿಟಿಂಗ್ ಮತ್ತು ಸಂಕಲನಕ್ಕೆ ಆರು ವಾರ. ನಿರ್ದೇಶನ ಮತ್ತು ಉಸ್ತುವಾರಿಗೆ ಹನ್ನೆರಡು. ಒಟ್ಟು 95 ವಾರ, ₹14.25 ಲಕ್ಷ.

ಆ ಹನ್ನೆರಡು ವಾರದ ಬಾಬನ್ನು ಹಲವರು ಬರೆಯುವುದೇ ಇಲ್ಲ. ‘ನಿರ್ದೇಶಕ ನಾನೇ, ನನಗೇಕೆ ಸಂಬಳ’ ಎಂಬ ಔದಾರ್ಯ ಅದು. ಆರು ತಿಂಗಳಾದ ಮೇಲೆ ಮನೆಬಾಡಿಗೆಗೆಂದು ಆ ನಿರ್ದೇಶಕ ಬೇರೆ ಕೆಲಸ ಹಿಡಿಯುತ್ತಾನೆ. ಶಾಟ್‌ಗಳಿಗೆ ಒಪ್ಪಿಗೆ ಕೊಡುವವರಿಲ್ಲದೆ ಅನಿಮೇಟರ್‌ಗಳು ಕೂರುತ್ತಾರೆ. ಕೂತ ವಾರಕ್ಕೂ ದುಡ್ಡು ಹೋಗುತ್ತದೆ.

ಇನ್ನುಳಿದವು ಕೂಲಿಯಲ್ಲದ ಖರ್ಚುಗಳು. ಧ್ವನಿ ಕಲಾವಿದರು ಮತ್ತು ರೆಕಾರ್ಡಿಂಗ್ ಸ್ಟುಡಿಯೊಗೆ ₹60,000. ತುಟಿಯ ಚಲನೆ ಮಾತಿಗೆ ಹೊಂದಬೇಕಾದ್ದರಿಂದ ಅನಿಮೇಷನ್ನಿನಲ್ಲಿ ಮಾತು ಮೊದಲು, ಚಿತ್ರ ಆಮೇಲೆ. ಹಾಗಾಗಿ ಈ ಹಣ ಆರಂಭದಲ್ಲೇ ಕೈಯಲ್ಲಿರಬೇಕು. ಚೆಂಡೆ ಮದ್ದಳೆಯ ದನಿಯೂ ಸೇರಿದಂತೆ ಸಂಗೀತ, ಧ್ವನಿವಿನ್ಯಾಸ, ಮಿಕ್ಸಿಂಗ್‌ಗೆ ₹1.5 ಲಕ್ಷ. ಸಾಫ್ಟ್‌ವೇರ್ ಬಾಡಿಗೆ, ಹಾರ್ಡ್‌ಡಿಸ್ಕ್, ಬ್ಯಾಕಪ್‌ಗೆ ₹75,000. ಕರಾರು ಪತ್ರ ಮತ್ತು ಆಡಿಟರ್‌ಗೆ ₹40,000. ಎಲ್ಲ ಕೂಡಿದರೆ ಚಿತ್ರದ ಖರ್ಚು ₹17.5 ಲಕ್ಷ.

ಇಲ್ಲಿಂದ ಮುಂದೆ ಕಂಟಿಂಜೆನ್ಸಿ, ಅಂದರೆ ಅನಿರೀಕ್ಷಿತಕ್ಕೆಂದು ಎತ್ತಿಡುವ ಮೀಸಲು ಹಣ. ಚಿತ್ರೋದ್ಯಮದಲ್ಲಿ ನೂರಕ್ಕೆ ಹತ್ತು ಇಡುವುದು ವಾಡಿಕೆ. ವಾಡಿಕೆ ಎಂದು ಹತ್ತು ಹಾಕಿ ಮುಂದೆ ಹೋದರೆ ಅದು ಸಾಕೋ ಸಾಲದೋ ತಿಳಿಯುವುದಿಲ್ಲ. ನಮ್ಮ ಲೆಕ್ಕದಲ್ಲಿ ಹತ್ತು ಎಂದರೆ ₹1.75 ಲಕ್ಷ, ಸುಮಾರು ಹನ್ನೆರಡು ವಾರದ ಕೂಲಿ. ಇದು ಯಾವ ಪೆಟ್ಟನ್ನು ತಾಳುತ್ತದೆ? ವಾರಕ್ಕೆ 10 ಸೆಕೆಂಡು ಎಂದುಕೊಂಡದ್ದು ನಿಜದಲ್ಲಿ 8 ಆಯಿತು ಎನ್ನೋಣ. 30 ವಾರದ ಕೆಲಸ ಮೂವತ್ತೇಳೂವರೆ ವಾರವಾಗುತ್ತದೆ. ಹೆಚ್ಚಾದ ಏಳೂವರೆ ವಾರಕ್ಕೆ ₹1,12,500. ಮೀಸಲು ಹಣ ತಡೆದುಕೊಳ್ಳುತ್ತದೆ, ಆದರೆ ಮೂರರಲ್ಲಿ ಎರಡು ಪಾಲು ಹೋಯಿತು. 7 ಸೆಕೆಂಡಿಗೆ ಇಳಿದರೆ ಹೆಚ್ಚುವರಿ ಖರ್ಚು ₹1.9 ಲಕ್ಷ ದಾಟುತ್ತದೆ. ಮೀಸಲು ಹಣ ಸಾಲುವುದಿಲ್ಲ, ಅದೂ ಬೇರೆ ಯಾವ ತೊಂದರೆಯೂ ಬಾರದೇ ಹೋದರೆ. ಹೀಗೆ ನೋಡಿದಾಗ ‘ನೂರಕ್ಕೆ ಹತ್ತು’ ಎಂಬುದಕ್ಕೆ ಒಂದು ಅರ್ಥ ಬರುತ್ತದೆ: ನಮ್ಮ ಅಂದಾಜು ಐದರಲ್ಲಿ ಒಂದು ಭಾಗ ತಪ್ಪಿದರೂ ಬದುಕುತ್ತೇವೆ, ಮೂರರಲ್ಲಿ ಒಂದು ಭಾಗ ತಪ್ಪಿದರೆ ಇಲ್ಲ. ಪರೀಕ್ಷೆಯ ತುಣುಕು ಮಾಡದೆ ದರ ಊಹಿಸಿದವರಿಗೆ ಹತ್ತು ಸಾಲದು. ಅವರು ಹದಿನೈದೋ ಇಪ್ಪತ್ತೋ ಇಟ್ಟುಕೊಳ್ಳಲಿ.

ದರ ಇಳಿಯುತ್ತಿರುವುದು ಬೇಗ ಗೊತ್ತಾಗಬೇಕು. ಪ್ರತಿ ಶನಿವಾರ ನಿರ್ದೇಶಕರು ಒಪ್ಪಿದ ಸೆಕೆಂಡುಗಳನ್ನು ಮಾತ್ರ ಎಣಿಸಿ ಗೋಡೆಯ ಮೇಲೆ ಬರೆದರೆ ಸಾಕು. ಬರೆದು ಮುಗಿಸಿದ್ದು, ಇನ್ನೇನು ಮುಗಿಯುತ್ತದೆ ಎಂದದ್ದು ಲೆಕ್ಕಕ್ಕಿಲ್ಲ. ಮೂವರು ಮೂರು ವಾರ ಕೂತರೆ 90 ಸೆಕೆಂಡು ಆಗಬೇಕು. 72 ಆಗಿದ್ದರೆ ದರ 8ಕ್ಕೆ ಇಳಿದಿದೆ ಎಂದೇ ಅರ್ಥ. ‘ಮುಂದಿನ ವಾರ ಸರಿದೂಗಿಸುತ್ತೇವೆ’ ಎಂಬ ಮಾತನ್ನು ನಂಬಬಾರದು, ಏಕೆಂದರೆ ಎಲ್ಲ ತಂಡಗಳೂ ಸುಲಭದ ಶಾಟ್‌ಗಳನ್ನು ಮೊದಲು ಎತ್ತಿಕೊಳ್ಳುತ್ತವೆ. ಕಷ್ಟದ್ದು ಇನ್ನೂ ಮುಂದಿರುತ್ತದೆ. ಇದನ್ನು ತಪ್ಪಿಸಲು ಶಾಟ್‌ಗಳನ್ನು ಮೊದಲೇ ಸುಲಭ, ಮಧ್ಯಮ, ಕಷ್ಟ ಎಂದು ಗುರುತು ಹಾಕಿ, ಪ್ರತಿ ವಾರವೂ ಮೂರರಿಂದಲೂ ಕೊಡಬೇಕು.

ಇಳಿದಿದೆ ಎಂದು ತಿಳಿದ ಮೇಲೆ ಮೀಸಲು ಹಣಕ್ಕೆ ಕೈಹಾಕುವ ಮೊದಲು ಮಾಡಬಹುದಾದ್ದು ಇದೆ. ಅನಿಮ್ಯಾಟಿಕ್ ಮುಂದಿಟ್ಟುಕೊಂಡು ಇನ್ನೂ ಶುರುವಾಗದ ಶಾಟ್‌ಗಳನ್ನು ನೋಡಬೇಕು. ರಂಗಸ್ಥಳದ ಮುಂದೆ ಕುಳಿತ ಇಡೀ ಜನಸಂದಣಿ ಅಲುಗಾಡಬೇಕಿಲ್ಲ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಿಶ್ಚಲ ನೆರಳುಗಳಾಗಿ ಕೂತು, ಒಂದು ಮಗು ಮಾತ್ರ ತಲೆಯೆತ್ತಿದರೆ ದೃಶ್ಯ ಕೆಡುವುದಿಲ್ಲ, ಕೆಲವೊಮ್ಮೆ ಚೆನ್ನಾಗಿಯೇ ಆಗುತ್ತದೆ. ಇಂಥ ಬದಲಾವಣೆ ಕಾಗದದ ಮೇಲೆ ಇದ್ದಾಗ ಪುಕ್ಕಟೆ, ಬಣ್ಣ ತುಂಬಿದ ಮೇಲೆ ವಾರಗಟ್ಟಲೆ ದಂಡ. ಅನಿಮ್ಯಾಟಿಕ್‌ಗೆ ಒಮ್ಮೆ ಬೀಗ ಹಾಕಿದ ಮೇಲೆ ಕಥೆಯಲ್ಲಿ ಹೊಸ ದೃಶ್ಯ ಸೇರಿಸುವ ಅಧಿಕಾರ ನಿರ್ದೇಶಕನಿಗೂ ಇರಬಾರದು. ಮೀಸಲು ಹಣ ಇರುವುದು ಆಪತ್ತಿಗೆ. ಹೊಸ ಹೊಳಹುಗಳಿಗೆ ಅದನ್ನು ಸುರಿದವರು ಕೊನೆಗೆ ಮಿಕ್ಸಿಂಗ್ ಸ್ಟುಡಿಯೊದ ಬಿಲ್ಲಿಗೆ ಹಣವಿಲ್ಲದೆ ನಿಲ್ಲುತ್ತಾರೆ.

ಚಿತ್ರಕ್ಕೆ 17.5, ಮೀಸಲು 1.75, ಅಭಿಯಾನದ ವಿಡಿಯೊ ಮತ್ತು ಪ್ರಚಾರಕ್ಕೆ ₹75,000. ಕೂಡಿದರೆ ಸರಿಯಾಗಿ ₹20 ಲಕ್ಷ. ಹಾಗಾದರೆ ಜನರಿಂದ 20 ಲಕ್ಷ ಕೇಳೋಣ ಎನ್ನಿಸುತ್ತದೆ. ಸೋಲು ಶುರುವಾಗುವುದು ಇಲ್ಲೇ.

ಬೆಂಬಲಿಗರು ಕೊಟ್ಟ ಹಣ ಚಿತ್ರದ ಮೇಜಿಗೆ ಬರುವ ಮೊದಲು ಎರಡು ಕಡೆ ಸೋರುತ್ತದೆ. ಮೊದಲನೆಯದು ವೇದಿಕೆಯ ಕಮಿಷನ್. ಅಮೆರಿಕದ ಕಿಕ್‌ಸ್ಟಾರ್ಟರ್ ನೂರಕ್ಕೆ 5 ಮುರಿದುಕೊಳ್ಳುತ್ತದೆ, ಅದರ ಮೇಲೆ ಹಣ ಪಾವತಿಯ ಶುಲ್ಕ ನೂರಕ್ಕೆ 3 ಮತ್ತು ಪ್ರತಿ ಪಾವತಿಗೆ 20 ಸೆಂಟ್. ನಮ್ಮ ಲೆಕ್ಕಕ್ಕೆ ವೇದಿಕೆಯ ಕಮಿಷನ್ 10, ಪಾವತಿ ಶುಲ್ಕ 2, ಅವೆರಡರ ಮೇಲೆ ಶೇ 18ರ ಜಿಎಸ್‌ಟಿ ಎಂದು ಹಿಡಿದರೆ ನೂರಕ್ಕೆ ಸುಮಾರು 14 ರೂಪಾಯಿ ಹೋಗುತ್ತದೆ. ಎರಡನೆಯದು ಉಡುಗೊರೆ. ಹಣ ಕೊಟ್ಟವರಿಗೆ ಪೋಸ್ಟರ್, ಪುಸ್ತಕ ಎಂದು ಮಾತು ಕೊಟ್ಟಿರುತ್ತೇವೆ. ಅವನ್ನು ಮಾಡಿಸಿ ಮನೆ ಬಾಗಿಲಿಗೆ ಮುಟ್ಟಿಸುವ ಖರ್ಚೂ ಅದೇ ಹಣದಿಂದಲೇ ಆಗಬೇಕು.

ಉಡುಗೊರೆಯ ಲೆಕ್ಕವನ್ನು ಒಂದೊಂದು ಪಾರ್ಸೆಲ್ಲಿನ ಮಟ್ಟಕ್ಕೆ ಇಳಿಸಿ ಮಾಡಬೇಕು. ₹500 ಕೊಟ್ಟವರಿಗೆ ಚಿತ್ರದ ಡೌನ್‌ಲೋಡ್ ಮತ್ತು ಕೊನೆಯ ಹೆಸರುಪಟ್ಟಿಯಲ್ಲಿ ಸ್ಥಾನ, ಖರ್ಚು ಇಲ್ಲವೆಂದರೂ ಸರಿ. ₹1,500 ಕೊಟ್ಟವರಿಗೆ ಪೋಸ್ಟರ್. ಅಚ್ಚಿಗೆ 110, ಸುತ್ತಿಡುವ ಕೊಳವೆಗೆ 45, ಕೊರಿಯರ್ 90, ಕಟ್ಟಿ ವಿಳಾಸ ಅಂಟಿಸುವವರ ಕೂಲಿ 20, ಕಳೆದುಹೋಗುವ ಪಾರ್ಸೆಲ್ಲಿಗೆಂದು 5. ಒಂದಕ್ಕೆ ₹270. ಪೋಸ್ಟರಿಗಿಂತ ಅದನ್ನು ಕಳಿಸುವುದೇ ದುಬಾರಿ! ₹3,000 ಕೊಟ್ಟವರಿಗೆ ಚಿತ್ರದ ರೇಖೆಗಳು, ಹಿನ್ನೆಲೆಗಳು ಇರುವ ಪುಸ್ತಕ ಮತ್ತು ಕಾರ್ಡುಗಳ ಕಟ್ಟು, ಎಲ್ಲ ಸೇರಿ ಒಂದಕ್ಕೆ ₹600. ಈ ಗುಂಪಿಗೆ ಪೋಸ್ಟರನ್ನೂ ಕೊಟ್ಟುಬಿಡೋಣ ಎಂಬ ಆಸೆ ಬರುತ್ತದೆ. ಚಪ್ಪಟೆ ಪುಸ್ತಕದ ಪೆಟ್ಟಿಗೆಯಲ್ಲಿ ಸುತ್ತಿದ ಪೋಸ್ಟರ್ ಹಿಡಿಯುವುದಿಲ್ಲ, ಎರಡನೆಯ ಪಾರ್ಸೆಲ್ ಕಟ್ಟಬೇಕಾಗುತ್ತದೆ. ಆಸೆ ಬಿಡುವುದೇ ಒಳ್ಳೆಯದು. ₹10,000 ಕೊಟ್ಟವರಿಗೆ ಪುಸ್ತಕದ ಜೊತೆ ಕಲಾವಿದರ ಸಹಿ ಇರುವ ಸ್ಟೋರಿಬೋರ್ಡ್ ಪುಟದ ಪ್ರತಿ, ಒಂದಕ್ಕೆ ₹850.

600 ಮಂದಿ 500 ರೂಪಾಯಿಯವರು, 400 ಮಂದಿ 1,500ರವರು, 400 ಮಂದಿ 3,000ದವರು, 70 ಮಂದಿ 10,000ದವರು ಎಂದಿಟ್ಟುಕೊಳ್ಳಿ. ಬರುವ ಹಣ ₹28 ಲಕ್ಷ. ಕಮಿಷನ್ ₹3.92 ಲಕ್ಷ, ಉಡುಗೊರೆಗಳಿಗೆ ₹4.07 ಲಕ್ಷ. ಕೈಗೆ ಉಳಿಯುವುದು ₹20 ಲಕ್ಷ, ನಮಗೆ ಬೇಕಾದಷ್ಟೇ. ಅಂದರೆ ನೂರು ರೂಪಾಯಿ ಕೊಟ್ಟವರ ಹಣದಲ್ಲಿ ಎಪ್ಪತ್ತೊಂದು ರೂಪಾಯಿ ನಮ್ಮ ಬಜೆಟ್ಟಿಗೆ ಬರುತ್ತದೆ. 20 ಲಕ್ಷವನ್ನೇ ಗುರಿಯಾಗಿಟ್ಟು ಗೆದ್ದವರ ಕೈಯಲ್ಲಿ ಉಳಿಯುವುದು 14 ಲಕ್ಷದ ಆಸುಪಾಸು. ಚಿತ್ರ ಮುಕ್ಕಾಲಿಗೆ ನಿಲ್ಲುತ್ತದೆ. ಗುರಿ ಮುಟ್ಟದಿದ್ದರೆ ಒಂದು ಪೈಸೆಯೂ ಕೈಗೆ ಬಾರದ ಪದ್ಧತಿ ಕಿಕ್‌ಸ್ಟಾರ್ಟರಿನದು. ಹಾಗಾಗಿ ಗುರಿ ಚಿಕ್ಕದಿರಲಿ ಎಂಬ ಒತ್ತಡ ಇದ್ದೇ ಇರುತ್ತದೆ. ಆದರೆ ಸಾಲದ ಹಣದಲ್ಲಿ ಗೆಲ್ಲುವುದು ಸೋಲುವುದಕ್ಕಿಂತ ಕೆಟ್ಟದ್ದು. ಸೋತರೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಗೆದ್ದರೆ 1,470 ಮಂದಿಗೆ ಮಾತು ಕೊಟ್ಟಾಗಿರುತ್ತದೆ.

ಉಡುಗೊರೆಯ ಹಣವನ್ನು ಅಭಿಯಾನ ಮುಗಿದ ವಾರವೇ ಬೇರೆ ಬ್ಯಾಂಕ್ ಖಾತೆಗೆ ಹಾಕಿ ಮರೆತುಬಿಡಬೇಕು. ಇದಕ್ಕೆ ಕಾರಣವಿದೆ. ಪುಸ್ತಕದಲ್ಲಿ ಚಿತ್ರದ ಕಲಾಕೃತಿಗಳು ಇರಬೇಕಾದ್ದರಿಂದ ಚಿತ್ರ ಮುಗಿಯದೆ ಪುಸ್ತಕ ಅಚ್ಚಿಗೆ ಹೋಗುವುದಿಲ್ಲ. ಅಂದರೆ ಹಣ ಮೊದಲ ದಿನ ಬರುತ್ತದೆ, ಉಡುಗೊರೆಯ ಖರ್ಚು ಒಂದೂವರೆ ಎರಡು ವರ್ಷ ಕಳೆದು ಕೊನೆಗೆ ಬರುತ್ತದೆ. ನಡುವೆ ಅನಿಮೇಟರ್‌ಗಳ ಸಂಬಳದ ದಿನ ಬಂದಾಗ ಖಾತೆಯಲ್ಲಿರುವ ನಾಲ್ಕು ಲಕ್ಷ ಕಣ್ಣಿಗೆ ಕಾಣುತ್ತಿದ್ದರೆ ಅದು ಉಳಿಯುವುದಿಲ್ಲ. ಚಿತ್ರ ಮುಗಿದೂ ಉಡುಗೊರೆ ಬಾರದೆ ಬೆಂಬಲಿಗರು ಸಿಟ್ಟಾಗುವ ಅಭಿಯಾನಗಳಲ್ಲಿ ಮೋಸಕ್ಕಿಂತ ಹೆಚ್ಚಾಗಿ ಈ ಕಾಲದ ಅಂತರವೇ ಕೆಲಸ ಮಾಡಿರುತ್ತದೆ. ಆ ಎರಡು ವರ್ಷದಲ್ಲಿ ಕಾಗದದ ಬೆಲೆ, ಕೊರಿಯರ್ ದರವೂ ಏರಬಹುದು. ಪುಸ್ತಕವನ್ನು 470ರ ಬದಲು 500 ಅಚ್ಚುಹಾಕಿಸಿ, ಆ ಬಿಲ್ಲನ್ನು 470 ಮಂದಿಗೆ ಹಂಚಿ ಬೆಲೆ ಕಟ್ಟುವುದು ಜಾಣತನ. ಮೂಲೆ ಮುದುರಿ ತಲುಪಿದ ಪ್ರತಿಗೆ ಬದಲಿ ಕೊಡಲು ಆ ಮೂವತ್ತು ಬೇಕೇ ಬೇಕು. ವಿಳಾಸವನ್ನು ಅಭಿಯಾನದ ದಿನವೇ ತೆಗೆದುಕೊಂಡು ಇಟ್ಟುಕೊಂಡರೆ ಪ್ರಯೋಜನವಿಲ್ಲ. ಎರಡು ವರ್ಷದಲ್ಲಿ ಎಷ್ಟೋ ಮಂದಿ ಮನೆ ಬದಲಿಸಿರುತ್ತಾರೆ. ಕಳಿಸುವ ತಿಂಗಳು ಮೊದಲು ಕೇಳುವುದೇ ಸರಿ.

ಹೊರದೇಶದ ಕನ್ನಡಿಗರ ವಿಷಯ ಬೇರೆಯೇ ನೋಡಬೇಕು. ಕನ್ನಡದ ಅನಿಮೇಷನ್ ಎಂದರೆ ಅಮೆರಿಕ, ಗಲ್ಫ್, ಸಿಂಗಪುರದಲ್ಲಿ ಮಕ್ಕಳಿರುವ ಮನೆಗಳು ಮೊದಲು ಕೈಜೋಡಿಸುತ್ತವೆ, ಮತ್ತು ಅವರಿಗೆ ಬೇಕಾಗಿರುವುದು ಪುಸ್ತಕವೇ. ಪುಸ್ತಕದ 400 ಮಂದಿಯಲ್ಲಿ 40 ಮಂದಿ ಹೊರದೇಶದವರು, ಒಂದು ಪಾರ್ಸೆಲ್ಲಿಗೆ ದೇಶದೊಳಗಿನದಕ್ಕಿಂತ ₹1,800 ಹೆಚ್ಚು ಎಂದಾದರೆ ₹72,000 ಬೇಕು. ಮೀಸಲು ಹಣದ ಐದರಲ್ಲಿ ಎರಡು ಪಾಲು ಕೊರಿಯರ್ ಕೌಂಟರಿನಲ್ಲೇ ಮುಗಿಯಿತು. ಉಡುಗೊರೆಯ ಬೆಲೆಯೊಳಗೆ ಸಾಗಾಟವನ್ನು ಸೇರಿಸದೆ, ಕಳಿಸುವ ಹೊತ್ತಿಗೆ ಅಂದಿನ ದರದಲ್ಲಿ ಪ್ರತ್ಯೇಕವಾಗಿ ವಸೂಲಿ ಮಾಡುವುದೇ ಇದಕ್ಕೆ ಪರಿಹಾರ. ಹಾಗೆ ಮಾಡುತ್ತೇವೆ ಎಂದು ಅಭಿಯಾನದ ಮೊದಲ ಪುಟದಲ್ಲೇ ಬರೆದಿರಬೇಕು. ಆಮೇಲೆ ಕೇಳಿದರೆ ಮುನಿಸು, ಮೊದಲೇ ಹೇಳಿದರೆ ಯಾರೂ ಬೇಸರಪಡುವುದಿಲ್ಲ.

ಕೇಳಿದ್ದಕ್ಕಿಂತ ಹೆಚ್ಚು ಬಂದರೆ? ಆಗ ‘ಇಷ್ಟು ದಾಟಿದರೆ ಇದನ್ನೂ ಮಾಡುತ್ತೇವೆ’ ಎಂಬ ಘೋಷಣೆಗಳು, ಅವರ ಮಾತಿನಲ್ಲಿ ಸ್ಟ್ರೆಚ್ ಗೋಲ್‌ಗಳು ಹುಟ್ಟುತ್ತವೆ. ಐದು ನಿಮಿಷಕ್ಕೆ 17.5 ಲಕ್ಷ, ಹಾಗಾಗಿ ಮೂರೂವರೆ ಲಕ್ಷ ಹೆಚ್ಚು ಬಂದರೆ ಇನ್ನೊಂದು ನಿಮಿಷ ಎಂದು ಸಂಭ್ರಮದಲ್ಲಿ ಬರೆದುಬಿಡುತ್ತಾರೆ. ಆ ಒಂದು ನಿಮಿಷಕ್ಕೂ ಮೀಸಲು ಹಣ ಬೇಕು, ಆಗ ಅದು ₹3.85 ಲಕ್ಷ. ಬರುವ ನೂರರಲ್ಲಿ ಕೈಗೆ ಸಿಗುವುದು 71 ಎಂದಮೇಲೆ ಜನರಿಂದ ಬರಬೇಕಾದ್ದು ₹5.4 ಲಕ್ಷ. ಮೂರೂವರೆಗೆ ಮಾತು ಕೊಟ್ಟವರು ಪ್ರತಿ ನಿಮಿಷಕ್ಕೂ ಕೈಯಿಂದ ಹಾಕುತ್ತಾರೆ. ಇದಕ್ಕಿಂತಲೂ ಅಪಾಯದ್ದು ‘ಇಷ್ಟು ದಾಟಿದರೆ ಎಲ್ಲರಿಗೂ ಒಂದು ಲೋಹದ ಬ್ಯಾಡ್ಜ್’ ಎಂಬ ಬಗೆ. ಬ್ಯಾಡ್ಜಿಗೆ ₹75 ಎಂದರೂ ಪಾರ್ಸೆಲ್ ಹೋಗುವ 870 ಮಂದಿಗೆ ₹65,000 ಆಯಿತು. ಹಳೆಯ ಬೆಂಬಲಿಗರು ಅದಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಟ್ಟಿಲ್ಲ. ಹೆಚ್ಚು ಹಣ ಬಂದಾಗ ಚಿತ್ರವನ್ನು ಉದ್ದ ಮಾಡುವುದಕ್ಕಿಂತ ಅದೇ ಐದು ನಿಮಿಷಕ್ಕೆ ಮೇಳದ ಹಿಮ್ಮೇಳವನ್ನೇ ಕೂರಿಸಿ ಸಂಗೀತ ಧ್ವನಿಮುದ್ರಿಸುತ್ತೇವೆ, ಕುಣಿತದ ಶಾಟ್‌ಗಳಿಗೆ ಹೆಚ್ಚು ವಾರ ಕೊಡುತ್ತೇವೆ ಎನ್ನುವ ಮಾತು ನನಗೆ ಹೆಚ್ಚು ಇಷ್ಟ. ಅದರ ಖರ್ಚಿಗೆ ಮಿತಿಯಿದೆ, ಪಾರ್ಸೆಲ್ ಹೆಚ್ಚುವುದಿಲ್ಲ, ಮತ್ತು ಪೈಲಟ್ ನೋಡಿ ಸರಣಿಗೆ ಹಣ ಹಾಕುವವರ ಕಣ್ಣಿಗೆ ಬೀಳುವುದೂ ಅದೇ.

ತೆರಿಗೆಯ ಮಾತನ್ನು ಕೊನೆಗೆ ಉಳಿಸಿದ್ದೇನೆ, ಆದರೆ ನಿಜದಲ್ಲಿ ಅದು ಮೊದಲು ಕೇಳಬೇಕಾದ್ದು. ಉಡುಗೊರೆಯ ಮಾತು ಕೊಟ್ಟು ಪಡೆದ ಹಣ ದಾನವಲ್ಲ. ಅದು ಮುಂಗಡ ಪಡೆದ ಮಾರಾಟದಂತೆ ಕಾಣಬಹುದು. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ನಮ್ಮ 28 ಲಕ್ಷ ಅದನ್ನು ದಾಟುತ್ತದೆ. ಇಡೀ ಮೊತ್ತಕ್ಕೆ ಶೇ 18 ಅನ್ವಯಿಸಿ, ಜನರು ಕೊಟ್ಟದ್ದರೊಳಗೇ ಅದನ್ನು ಕಟ್ಟಬೇಕಾಗಿ ಬಂದರೆ ₹4.27 ಲಕ್ಷ, ಇಡೀ ಮೀಸಲು ಹಣದ ಎರಡೂವರೆ ಪಟ್ಟು. ಹಣ ಪಡೆಯುವುದು ವ್ಯಕ್ತಿಯೋ ಕಂಪನಿಯೋ ಟ್ರಸ್ಟೋ, ಕೊಡುವುದು ಪುಸ್ತಕವೋ ಡೌನ್‌ಲೋಡೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆಡಿಟರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಹೊರಡದೆ ಬರಹದಲ್ಲಿ ಪಡೆದು, ಗುರಿಯ ಮೊತ್ತವನ್ನು ಅದಕ್ಕೆ ತಕ್ಕಂತೆ ತಿದ್ದಿದ ಮೇಲೆಯೇ ಅಭಿಯಾನ ತೆರೆಯಬೇಕು. ಒಮ್ಮೆ ತೆರೆದ ಮೇಲೆ ಗುರಿಯನ್ನು ಬದಲಿಸಲು ಕಿಕ್‌ಸ್ಟಾರ್ಟರ್ ಬಿಡುವುದಿಲ್ಲ.

ನಮ್ಮ ಉದಾಹರಣೆಯ ಲೆಕ್ಕವನ್ನು ಮುಗಿಸಿಬಿಡೋಣ. ಅನಿಮೇಷನ್ ದರ 8ಕ್ಕೆ ಇಳಿದು ಮೀಸಲು ಹಣದಿಂದ ₹1,12,500 ಹೋಯಿತು. ರಂಗಸ್ಥಳದ ನಾಲ್ಕು ಹಿನ್ನೆಲೆಗಳನ್ನು ಮತ್ತೆ ಬರೆಯಬೇಕಾಗಿ ಒಂದು ವಾರ, ₹15,000. ಹುಡುಗನ ಪಾತ್ರಕ್ಕೆ ದನಿ ಕೊಟ್ಟ ಬಾಲಕನ ಮಾತಿನಲ್ಲಿ ಮೂರು ಸಾಲು ಬದಲಾಗಿ ಮತ್ತೆ ಸ್ಟುಡಿಯೊಗೆ ಹೋದದ್ದಕ್ಕೆ ₹12,000. ಉಳಿದದ್ದು ₹35,500. ಇದನ್ನು ಹಂಚಿಕೊಳ್ಳುವ ಹಣ ಎಂದುಕೊಳ್ಳುವ ಮೊದಲು ಯೋಜನೆಯಲ್ಲಿ ಬರೆಯದೇ ಬಿಟ್ಟ ಕೆಲಸಗಳನ್ನು ನೋಡಬೇಕು: ಇಂಗ್ಲಿಷ್ ಸಬ್‌ಟೈಟಲ್, ಚಿತ್ರೋತ್ಸವಗಳ ಪ್ರವೇಶ ಶುಲ್ಕ, ಥಿಯೇಟರಿನಲ್ಲಿ ತೋರಿಸಲು ಬೇಕಾದ ಡಿಸಿಪಿ ಪ್ರತಿ. ಅವಕ್ಕೆ ಹೋದದ್ದು ಹೋಗಿ ಉಳಿದರೆ, ಯೋಜಿಸಿದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂಬ ಎರಡು ಕಾಲಮ್ಮಿನ ಪಟ್ಟಿಯ ಜೊತೆ ಆ ಮೊತ್ತವನ್ನೂ 1,470 ಬೆಂಬಲಿಗರಿಗೆ ಬರೆದು ತಿಳಿಸಬೇಕು. ಎರಡನೆಯ ಕಂತಿಗೆ ಹಣ ಕೇಳಲು ಮತ್ತೆ ಅವರ ಮುಂದೆಯೇ ಹೋಗಬೇಕಾದ್ದು.